ಮಾನ್ವಿ ರಸ್ತೆಗೆ ನೆರಳಿನ ತಂಗುದಾಣ

ಕಡಿಮೆ ಖರ್ಚಿನ ಬಸ್ ತಂಗುದಾಣದ ಸ್ಪರ್ಧೆಗೆ ನಕ್ಷೆ ಕಳಿಸಬೇಕು. ಜೊತೆಗೆ ಒಂದು ಹಾಳೆ ವಿವರಣೆಯನ್ನೂ ಬರೆಯಬೇಕು. ನಾವು ಬರೆದದ್ದು ಇದು.

ಛಾವಣಿ ಇದ್ದರೆ ನೆರಳು ಇರುತ್ತದೆ ಅಂತ ತಿಳಿಯಬೇಡಿ. ಮೇ ತಿಂಗಳಲ್ಲಿ ಒಂದು ಕೋಲು ನೆಟ್ಟು ನೋಡಿ. ನಡುಹಗಲಿಗೆ ನೆರಳು ಕೋಲಿನ ಬುಡದಲ್ಲೇ ಇರುತ್ತದೆ. ಸಂಜೆ 4 ಗಂಟೆಗೆ ನೆರಳು ಕೋಲಿಗಿಂತ ಉದ್ದವಾಗುತ್ತದೆ, ಸುಮಾರು ಒಂದೂಕಾಲು ಪಟ್ಟು. ಹಾಗಾದರೆ 8 ಅಡಿ ಎತ್ತರದ ಛಾವಣಿಯ ಅಂಚಿನ ನೆರಳು 10 ಅಡಿ ದೂರ ಬೀಳುತ್ತದೆ. ಕೂತವರಿಗೆ ಬಿಸಿಲು, ಆಚೆಯ ನೆಲಕ್ಕೆ ನೆರಳು! ಆದ್ದರಿಂದ ಪಡುವಣ ಬಿಸಿಲಿಗೆ ಗೋಡೆಯೇ ಬೇಕು.

ಮಾನ್ವಿಯಿಂದ ರಾಯಚೂರಿನ ರಸ್ತೆ ಹೆಚ್ಚುಕಡಿಮೆ ಈಶಾನ್ಯಕ್ಕೆ ಹೋಗುತ್ತದೆ. ನಮ್ಮಲ್ಲಿ ಗಾಡಿಗಳು ಎಡಕ್ಕೆ ಓಡುತ್ತವೆ. ರಾಯಚೂರಿಗೆ ಹೋಗುವವರು ರಸ್ತೆಯ ಎಡಬದಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ಸಂಜೆಯ ಬಿಸಿಲು ಬೆನ್ನ ಹಿಂದಿನಿಂದ, ಸಿಂಧನೂರು ಕಡೆಯಿಂದ ಓರೆಯಾಗಿ ಬರುತ್ತದೆ. ಹಿಂದಿನ ಗೋಡೆ, ಆ ಬದಿಯ ಗೋಡೆ, ಇವೆರಡೂ ಬೇಕು. ಆದರೆ ಬಸ್ಸೂ ಅದೇ ಕಡೆಯಿಂದ ಬರುತ್ತದಲ್ಲ? ಗೋಡೆ ಮುಚ್ಚಿದರೆ ಜನ ಬಸ್ ಕಾಣದೆ ಹೊರಗೆ ಬಂದು ಬಿಸಿಲಲ್ಲೇ ನಿಲ್ಲುತ್ತಾರೆ. ಅದಕ್ಕೆ ಆ ಗೋಡೆಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಇಟ್ಟಿಗೆಯ ಜಾಲರಿ ಇಡುತ್ತೇವೆ.

ಎದುರು ಬದಿಗೆ ಇದೇ ನಕ್ಷೆ ನಡೆಯೋದಿಲ್ಲ. ಅಲ್ಲಿ ಬಿಸಿಲು ಮುಂದಿನಿಂದಲೇ, ಎಡಕ್ಕೆ ಓರೆಯಾಗಿ ಬಂದು ಮುಖಕ್ಕೆ ಹೊಡೆಯುತ್ತದೆ. ಬಸ್ಸು ಮಾತ್ರ ಬಲಗಡೆಯಿಂದ, ರಾಯಚೂರು ಕಡೆಯಿಂದ ಬರುತ್ತದೆ. ಆದ್ದರಿಂದ ಮುಂಭಾಗದ ಎಡ ಅರ್ಧಕ್ಕೆ ಗೋಡೆ, ಬಲ ಅರ್ಧ ತೆರವು. ಎಡಕ್ಕೆ ಒಂದು ಬೇವಿನ ಗಿಡವನ್ನೂ ನೆಡುತ್ತೇವೆ. ಅದು ಬೆಳೆಯುವವರೆಗೆ ಗೋಡೆಯೇ ಗತಿ.

ತಗಡಿನ ಛಾವಣಿ ಅಗ್ಗ. ಆದರೆ ಕಾದು ಕೆಳಗೆ ಸೆಕೆ ಸುರಿಸುತ್ತದೆ. ನಾವು ತೊಲೆಗಳ ಮೇಲೆ ಶಹಾಬಾದ್ ಫರ್ಸಿ ಹಾಸಿ ಸಂದಿಗೆ ಗಾರೆ ಮೆತ್ತುತ್ತೇವೆ. ಕಲ್ಲೂ ಸಂಜೆವರೆಗೆ ಕಾಯುತ್ತದೆ, ನಿಜ. ಅದಕ್ಕೆ ಮೇಲ್ಭಾಗಕ್ಕೆ ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಸುಣ್ಣ ಬಳಿಯಬೇಕು.

ಕೂಡುವುದಕ್ಕೂ ಫರ್ಸಿಯೇ. ನೆಲದಿಂದ ಒಂದು ಮೊಳ ಎತ್ತರ. 3 ಅಡಿಗೊಂದು ಕಲ್ಲಿನ ಕಾಲು ಇರಬೇಕು. ದೂರ ಇಟ್ಟರೆ ಹೆಚ್ಚು ಜನ ಕೂತಾಗ ಫರ್ಸಿ ನಡುವೆ ಮುರಿಯುತ್ತದೆ. ಒಬ್ಬರಿಗೆ ಒಂದೂವರೆ ಅಡಿ ಲೆಕ್ಕ ಹಿಡಿದರೆ 15 ಅಡಿಯಲ್ಲಿ 10 ಜನ ಕೂಡಬಹುದು. ಕೆಳಗೆ ತೆರವು ಬಿಟ್ಟಿದ್ದೇವೆ. ಗಂಟುಮೂಟೆ ಇಡಬಹುದು, ಕಸಬರಿಗೆಯೂ ಆಡುತ್ತದೆ.

ಬಣ್ಣವಿಲ್ಲ, ನಟ್ಟು ಬೋಲ್ಟಿಲ್ಲ. ಒಂದು ಫರ್ಸಿ ಒಡೆದರೆ ಊರಿನ ಗೌಂಡಿಯೇ ಅದೊಂದನ್ನೇ ಬದಲಿಸಬಹುದು. ಮಿರಗದ ಮಳೆಗೆ ಮುಂಚೆ ಛಾವಣಿ ಹತ್ತಿ ಸಂದಿ ನೋಡಬೇಕು. ಮೊದಲ ಮಳೆಗೆ ಒಳಗೆ ಕಪ್ಪು ಕಲೆ ಕಂಡರೆ, ಅದರ ಮೇಲೇ ಅಥವಾ ಎತ್ತರದ ಕಡೆ ಎಲ್ಲೋ ಗಾರೆ ಬಿಟ್ಟಿದೆ.