ಮಗಳ ಫೀಸಿಗೆ ಡಾಲರ್: ಬ್ಯಾಂಕೋ, ಕ್ರಿಪ್ಟೋನೋ?

ಅಮೆರಿಕದಲ್ಲಿ ಓದುವ ಮಗಳಿಗೆ ಮೈಸೂರಿನಿಂದ 5,000 ಡಾಲರ್ ಕಳಿಸಬೇಕು ಎನ್ನಿ. ಬ್ಯಾಂಕಿನಲ್ಲಿ ಸೇವಾಶುಲ್ಕಕ್ಕಿಂತ ದೊಡ್ಡ ಖರ್ಚು ವಿನಿಮಯ ದರದೊಳಗೆ ಅಡಗಿರುತ್ತದೆ. ಡಾಲರಿಗೆ ಮಾರುಕಟ್ಟೆ ದರಕ್ಕಿಂತ ಒಂದೂವರೆ ರೂಪಾಯಿ ಹೆಚ್ಚು ಹಿಡಿದರೂ 7,500 ರೂಪಾಯಿ ಹೋಯಿತು. ಹಣ ತಲುಪಲು ಕೆಲವು ದಿನ ಬೇಕಾಗಬಹುದು.

ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕ್ರಿಪ್ಟೋ ಸಾಮಾನ್ಯವಾಗಿ ನಿಮಿಷಗಳಲ್ಲಿ ತಲುಪುತ್ತದೆ. ಆದರೆ ಇಲ್ಲಿ ಕೊಳ್ಳುವಾಗ, ಅಲ್ಲಿ ಮಾರುವಾಗ, ಎರಡು ಕಡೆಯೂ ದರದಲ್ಲಿ ಸೋರಿಕೆಯಾಗುತ್ತದೆ. ತಪ್ಪು ವಿಳಾಸಕ್ಕೆ ಹೋದರೆ ಮರಳಿ ಪಡೆಯುವ ದಾರಿಯೇ ಇಲ್ಲವೆನ್ನಬೇಕು.

ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳಿಸಬಹುದು, ಅದಕ್ಕೆ ದಾಖಲೆಯೂ ಸಿಗುತ್ತದೆ. ಫೀಸಿಗೆ ಬ್ಯಾಂಕೇ ಸರಿ. ಆದರೆ ಎರಡು ಮೂರು ಬ್ಯಾಂಕುಗಳ ದರ ಕೇಳಿ, ಹೋಲಿಸಿ, ಆಮೇಲೆ ಕಳಿಸಿ.