ಮಳೆಗಾಲಕ್ಕೆ ಬಿಗಿಯಾಗುವ ಬಚ್ಚಲ ಬಾಗಿಲು

ಪ್ರಶ್ನೆ: ಮಳೆಗಾಲದಲ್ಲಿ ಬಚ್ಚಲ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಜಾಗವೂ ಕಿರಿದು. ಯಾವ ಬಾಗಿಲು ಸೂಕ್ತ?

ಉತ್ತರ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಜೂನ್ ಕಳೆಯುತ್ತಲೇ ಈ ತೊಂದರೆ ಶುರು. ಪ್ಲೈವುಡ್ ಬಾಗಿಲಿನ ಮೇಲ್ಮೈಗೆ ಬಣ್ಣವಿರುತ್ತದೆ, ಕೆಳಗಿನ ಅಂಚು ಮಾತ್ರ ಬಣ್ಣವಿಲ್ಲದೆಯೇ ಉಳಿದಿರುತ್ತದೆ. ನೀರು ಏರುವುದು ಅಲ್ಲಿಂದ. ಬಾಗಿಲಡಿಗೆ ಕೈಯಾಡಿಸಿದರೆ ಪದರ ಬಿಟ್ಟಿರುವುದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಉಜ್ಜುಗೊರಡು ಹಾಕಿಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ.

ಡಬ್ಲ್ಯುಪಿಸಿ, ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿದ ಹಲಗೆ, ನೀರಿಗೆ ಉಬ್ಬುವುದಿಲ್ಲವೆನ್ನಬಹುದು. ಆದರೆ ಬಿಸಿಗೆ ಮೆತ್ತಗಾಗುತ್ತದೆ. ಹಂಡೆಯ ಒಲೆ ಬಾಗಿಲ ಪಕ್ಕದಲ್ಲೇ ಇರುವ ಬಚ್ಚಲಿಗೆ ಅದು ಬೇಡ. ಅಲ್ಲಿ ಆರು ಬದಿಗೂ ಬಣ್ಣ ಬಳಿದ, ಚೆನ್ನಾಗಿ ಒಣಗಿದ ಸಾಗುವಾನಿಯೇ ಮೇಲು.

ಎರಡೂವರೆ ಅಡಿಯ ಬಾಗಿಲು ಒಳಗೆ ತೆರೆದು ಕಮೋಡಿಗೆ ಬಡಿಯುತ್ತಿದೆ ಎಂದುಕೊಳ್ಳಿ. ಹೊರಗೋಡೆಯಲ್ಲಿ ಪಕ್ಕಕ್ಕೆ ಸುಮಾರು ಎರಡೂಮುಕ್ಕಾಲು ಅಡಿ ಖಾಲಿ ಜಾಗವಿದ್ದರೆ ಸಾಕು, ಮೇಲೆ ಹಳಿ ಕೂರಿಸಿ ಜಾರುಬಾಗಿಲು ಹಾಕಬಹುದು. ಸ್ವಿಚ್ ಬೋರ್ಡ್ ಅಡ್ಡ ಬಂದರೆ ಮೊದಲು ಅದನ್ನು ಸರಿಸಬೇಕು. ಅಂಚಿನಲ್ಲಿ ಶಬ್ದ, ವಾಸನೆ ಸ್ವಲ್ಪ ನುಸುಳುವುದನ್ನು ಒಪ್ಪಿಕೊಳ್ಳಬೇಕು.

ಗೋಡೆಯೊಳಗೆ ಅಡಗುವ ಪಾಕೆಟ್ ಬಾಗಿಲಿಗೆ ಟೊಳ್ಳು ಬೇಕು. ಭಾರ ಹೊರುವ ಚಿರೆಕಲ್ಲಿನ ಗೋಡೆಯನ್ನು ಅದಕ್ಕಾಗಿ ಕೊರೆಯಲೇಬಾರದು; ಹೊಸ ಅಡ್ಡಗೋಡೆ ಕಟ್ಟುವಾಗ ಮಾತ್ರ ಯೋಚಿಸಿ.

ಗಾಳಿಯಾಡದ ಬಚ್ಚಲಾದರೆ ಬಾಗಿಲ ಕೆಳಭಾಗದಲ್ಲಿ ಒಂದಡಿ ಲೂವರ್ ಪಟ್ಟಿ ಇಡಿಸಿ. ಪಟ್ಟಿಗಳು ಒಳಕ್ಕೆ ಇಳಿಜಾರಾಗಿರಲಿ, ಸಿಡಿದ ನೀರು ಒಳಗೇ ಇಳಿಯುತ್ತದೆ.