ಆಕರಪಟ್ಟಿಗೆ ಬೀಗ ಯಾವತ್ತು, ಕೀಲಿಕೈ ಯಾರ ಬಳಿ?

2021ರ ಆಗಸ್ಟ್ 9ರಂದು ಹೊರಬಂದ ಐಪಿಸಿಸಿ ಹವಾಮಾನ ವರದಿಯನ್ನು ಬರೆದವರು 234 ಮಂದಿ. ಅವರು ಬಳಸಿದ ಆಕರಗಳು 14,000ಕ್ಕೂ ಹೆಚ್ಚು. ಆ ವರ್ಷದ ಜನವರಿ 31ರೊಳಗೆ ಪ್ರಕಟಣೆಗೆ ಒಪ್ಪಿಗೆ ಪಡೆದ ಪ್ರಬಂಧಗಳಿಗಷ್ಟೇ ಅದರಲ್ಲಿ ಜಾಗವಿತ್ತು.

ಆರು ಜನ ಸೇರಿ ಬರೆಯುವ ವರದಿಗೆ ಇಂಥ ಗಡುವನ್ನು ಯಾರೂ ತಾವಾಗಿ ಹಾಕಿಕೊಡುವುದಿಲ್ಲ. ತಂಡದಲ್ಲೊಬ್ಬರು ಯೋಜನೆಯ ಮುಖ್ಯಸ್ಥರಿಗೆ ಇಮೇಲ್ ಬರೆದು ಕೇಳಬೇಕು. ಕೇಳದಿದ್ದರೆ ಆಗುವ ಎಡವಟ್ಟು ಕಣ್ಣಿಗೇ ಬೀಳದಂಥದ್ದು. ಒಬ್ಬರೇ ಲೇಖಕರ 2019ರ ಎರಡು ಪ್ರಬಂಧಗಳಿದ್ದರೆ, ಎಪಿಎ ಶೈಲಿಯಲ್ಲಿ ಅವು ಶೀರ್ಷಿಕೆಯ ಅಕಾರಾದಿಯಂತೆ 2019a, 2019b ಆಗುತ್ತವೆ. ಕೊನೆಯ ವಾರ ಮೂರನೆಯದೊಂದು ಬಂದು ಮೊದಲ ಸ್ಥಾನದಲ್ಲಿ ಕೂತಿತೆನ್ನಿ. ಹಳೆಯ a ಈಗ b. ಝೊಟೆರೊ ತಂತ್ರಾಂಶದ ಮೂಲಕ ಹಾಕಿದ ಉಲ್ಲೇಖಗಳೆಲ್ಲ ತಾವೇ ಬದಲಾಗುತ್ತವೆ. ಆದರೆ ಯಾರೋ ಕೈಯಿಂದ ಟೈಪ್ ಮಾಡಿದ 2019a ಹಾಗೇ ಉಳಿದು, ಸಂಬಂಧವೇ ಇಲ್ಲದ ಪ್ರಬಂಧವನ್ನು ತೋರಿಸುತ್ತದೆ.

ಆದ್ದರಿಂದ ಇಮೇಲ್‌ನಲ್ಲಿ ದಿನಾಂಕದ ಜತೆಗೆ ಹೆಸರೂ ಇರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು:

"ಮೇಡಂ, ವರದಿ ಜೂನ್ 30ಕ್ಕೆ ಹೋಗಬೇಕು. ಆಕರಪಟ್ಟಿಯನ್ನು ಜೂನ್ 16ರ ಸಂಜೆ 6 ಗಂಟೆಗೆ ಮುಚ್ಚಿಬಿಡೋಣವೇ? ಆಮೇಲಿನ ತಿದ್ದುಪಡಿ ನಾನೊಬ್ಬಳೇ ಮಾಡುತ್ತೇನೆ. ನಾನಿಲ್ಲದಿದ್ದರೆ ಮೂರನೇ ಅಧ್ಯಾಯದವರು. ಹೊಸ ಆಕರ ಸೇರಿಸಲೇಬೇಕೆಂದರೆ ತೀರ್ಮಾನ ನಿಮ್ಮದು. ಶುಕ್ರವಾರದೊಳಗೆ ತಿಳಿಸಿದರೆ ಅಂದೇ ಎಲ್ಲರಿಗೂ ಬರೆಯುತ್ತೇನೆ."

ಎರಡು ವಾರ ಜಾಸ್ತಿಯಾಯಿತೇ? ಪಟ್ಟಿಯಲ್ಲಿ 180 ಆಕರಗಳಿದ್ದು, ಒಂದೊಂದನ್ನು ಮೂಲದೊಡನೆ ಹೋಲಿಸಲು ಐದು ನಿಮಿಷ ಹಿಡಿದರೂ 15 ಗಂಟೆ ಬೇಕು. ಈ ಕೆಲಸ ಮಾಡುವವರಿಗೆ ಬೇರೆ ಕೆಲಸಗಳೂ ಇರುತ್ತವೆ.

ಗಡುವಿನ ನಂತರ ಪುಟಸಂಖ್ಯೆ, ಕಾಗುಣಿತ, ಡಿಒಐ ತಿದ್ದಲು ಯಾರನ್ನೂ ಕೇಳಬೇಕಿಲ್ಲ. ಪ್ರಿಪ್ರಿಂಟ್ ಒಂದು ಅಷ್ಟರಲ್ಲಿ ನಿಯತಕಾಲಿಕದಲ್ಲಿ ಪ್ರಕಟವಾಗಿದ್ದರೆ ಮಾತು ಬೇರೆ. ವರ್ಷ ಬದಲಾಗಿರಬಹುದು, ಒಳಗಿನ ಅಂಕಿಗಳೂ ಬದಲಾಗಿರಬಹುದು. ಅದನ್ನು ಆ ಅಧ್ಯಾಯ ಬರೆದವರೇ ಓದಿ ನೋಡಬೇಕು. ಪ್ರಬಂಧವನ್ನೇ ಹಿಂತೆಗೆದುಕೊಂಡ ಸುದ್ದಿ ಬಂದರಂತೂ ಯಾವ ಗಡುವೂ ಅಡ್ಡಬರಬಾರದು.

ಬೀಗ ಹಾಕುವುದು ಸುಲಭ. ಝೊಟೆರೊ ಗುಂಪಿನ ಸೆಟ್ಟಿಂಗ್ಸ್‌ನಲ್ಲಿ Library Editing ಎಂಬಲ್ಲಿ ತಿದ್ದುವ ಅಧಿಕಾರವನ್ನು ಅಡ್ಮಿನ್‌ಗಳಿಗಷ್ಟೇ ಉಳಿಸಬಹುದು. ಆದರೆ ಇದೊಂದೇ ಸಾಲದು. ಲೇಖಕರೊಬ್ಬರು ತಮ್ಮ ಸ್ವಂತ ಸಂಗ್ರಹದಿಂದ ವರದಿಗೆ ಉಲ್ಲೇಖ ಹಾಕಿದರೆ ಬೀಗ ತಡೆಯುವುದಿಲ್ಲ. ಒಂದೇ ಪ್ರಬಂಧ ಪಟ್ಟಿಯಲ್ಲಿ 2018a ಎಂದೂ 2018b ಎಂದೂ ಎರಡು ಸಲ ಕಂಡರೆ ಹೀಗಾಗಿದೆಯೇ ಎಂದು ನೋಡಬೇಕು. ಆದ್ದರಿಂದ ಜೂನ್ 16ರ ನಂತರ ವರದಿಯ ವರ್ಡ್ ಕಡತವೂ ಅದೇ ಒಬ್ಬರ ಕೈಯಲ್ಲಿರಬೇಕು. ಉಳಿದವರು ತಮ್ಮ ತಿದ್ದುಪಡಿಗಳನ್ನು ಅವರಿಗೆ ಬರೆದು ಕಳಿಸಬೇಕು.